ಪದಚರ್ಚೆ: ‘ಕೋಲು ಮುಖ’ ಅಂದರೆ ಯಾವ ಮುಖ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಕನ್ನಡಕದ ಅಂಗಡಿಯಲ್ಲಿದ್ದೇನೆ. ಗಿರಾಕಿಗಳು ವಾಟ್ಸಾಪಲ್ಲಿ ಮುಖದ ಫೋಟೋ ಕಳಿಸುತ್ತಾರೆ, ನಾವು ಅದನ್ನು ಅಳೆದು ಯಾವ ಫ್ರೇಮು ಒಪ್ಪುತ್ತದೆ ಅಂತ ಹೇಳುತ್ತೇವೆ. ಇದಕ್ಕೊಂದು ಕನ್ನಡ ಹಾಳೆ ಬರೆಯುತ್ತಿದ್ದೇನೆ. ದುಂಡು ಮುಖ, ಚೌಕ ಮುಖ ಸಲೀಸಾಗಿ ಬಂದವು. ತೊಡಕು ‘ಕೋಲು ಮುಖ’ದ್ದು. ಓವಲ್‌ಗೂ ಜನ ಅದನ್ನೇ ಅಂತಾರೆ, ಅದಕ್ಕಿಂತ ಉದ್ದವಾದ ಆಬ್ಲಾಂಗ್‌ಗೂ ಅದನ್ನೇ ಅಂತಾರೆ. ಓವಲ್‌ಗೆ ಅಗಲ ಸರಿಹೋದರೆ ಹೆಚ್ಚುಕಡಿಮೆ ಯಾವ ಫ್ರೇಮಾದರೂ ನಡೆಯುತ್ತದೆ. ಉದ್ದ ಮುಖಕ್ಕೆ ಹಾಗಲ್ಲ. ಮೇಲಿಂದ ಕೆಳಕ್ಕೆ ಎತ್ತರ ಇರುವ ಫ್ರೇಮೇ ಬೇಕು, ಸಣ್ಣ ಪಟ್ಟಿಯಂಥದ್ದು ಹಾಕಿದರೆ ಮುಖ ಇನ್ನೂ ಉದ್ದ ಕಾಣುತ್ತದೆ. ನಿಮ್ಮ ಕಡೆ ‘ಕೋಲು ಮುಖ’ ಅಂದರೆ ಇವೆರಡರಲ್ಲಿ ಯಾವುದು?

ಚಿಕ್ಕಬಳ್ಳಾಪುರದಿಂದ:
ನಮ್ಮಲ್ಲಿ ಹೆಣ್ಣು ನೋಡಿ ಬಂದವರು ‘ಕೋಲು ಮುಖ, ಲಕ್ಷಣವಾಗಿದ್ದಾಳೆ’ ಅಂತಾರೆ. ಹಾಗಾಗಿ ಅದು ಓವಲ್ಲೇ. ಅಂದಹಾಗೆ ಇಷ್ಟೆಲ್ಲ ಅಳತೆ ಯಾಕೆ? ದುಂಡು ಮುಖಕ್ಕೆ ಚೌಕ ಫ್ರೇಮು, ಚೌಕ ಮುಖಕ್ಕೆ ದುಂಡು ಫ್ರೇಮು, ಮುಗೀತು ಅಲ್ವಾ?

ಕೋಲಾರದಿಂದ (ಕಣ್ಣು ಪರೀಕ್ಷೆಯ ಕೆಲಸ):
ಮುಗಿಯಲ್ಲ ಮೇಡಂ. ಮುಖಕ್ಕೆ ಎದುರಾದ ಆಕಾರ ಒಪ್ಪುತ್ತದೆ ಅನ್ನೋದು ನಿಜ, ಆದರೆ ಮೊದಲು ನೋಡಬೇಕಾದ್ದು ಅಗಲ. ಫ್ರೇಮು ಕೆನ್ನೆಮೂಳೆಗಿಂತ ತುಂಬ ಅಗಲ ಇದ್ದರೆ ಯಾವ ಆಕಾರದ್ದಾದರೂ ಎರವಲು ತಂದ ಹಾಗೆ ಕಾಣುತ್ತದೆ.

ತುಮಕೂರಿನ ಸರ್, ನಿಮ್ಮ ಗೊಂದಲ ಬರೀ ಪದದ್ದಲ್ಲ, ಅರ್ಧದಷ್ಟು ಫೋಟೋದ್ದು. ಕೈ ಚಾಚಿ ಸೆಲ್ಫಿ ತೆಗೆದರೆ ಹಣೆ, ಮೂಗು, ಗದ್ದ ಕ್ಯಾಮೆರಾಗೆ ಹತ್ತಿರ ಇರುತ್ತವೆ, ಕೆನ್ನೆಮೂಳೆಯ ಅಂಚು ನಾಲ್ಕೈದು ಸೆಂಟಿಮೀಟರ್ ಹಿಂದೆ ಇರುತ್ತದೆ. ಹಿಂದೆ ಇದ್ದದ್ದು ಚಿಕ್ಕದಾಗಿ ಬರುವುದರಿಂದ ಎಂಥ ಮುಖವೂ ಕಿರಿದಾಗಿ, ಉದ್ದವಾಗಿ ಕಾಣುತ್ತದೆ. ಎರಡು ಮೀಟರ್ ದೂರದಿಂದ ಇನ್ನೊಬ್ಬರು ತೆಗೆದರೆ ಈ ವ್ಯತ್ಯಾಸ ಬಹುತೇಕ ಹೋಗುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲೇ ಇರಲಿ. ತಲೆ ತಗ್ಗಿಸಿದರೆ ಹಣೆ ಅಗಲವಾಗಿ ಗದ್ದ ಚೂಪಾಗುತ್ತದೆ, ಆಮೇಲೆ ಅದಕ್ಕೊಂದು ಹೊಸ ಹೆಸರು ಹುಡುಕಬೇಕಾಗುತ್ತದೆ. ಎರಡೂ ಕಿವಿ ಒಂದೇ ಅಳತೆಯಲ್ಲಿ ಕಾಣದಿದ್ದರೆ ತಲೆ ತಿರುಗಿದೆ ಅಂತ ಲೆಕ್ಕ, ಆ ಫೋಟೋ ಬಿಟ್ಟುಬಿಡಿ.

ತುಮಕೂರಿನಿಂದ:
ಮೊನ್ನೆ ಇದೇ ಆಯಿತು. ಬಿ.ಎಚ್. ರಸ್ತೆಯ ಕಡೆಯ ಒಬ್ಬ ಹುಡುಗಿ ಸೆಲ್ಫಿ ಕಳಿಸಿದ್ದಳು. ಉದ್ದವನ್ನು ಅಗಲದಿಂದ ಭಾಗಿಸಿದರೆ 1.6 ಬಂತು. ಜೊತೆಯವನು ‘ಉದ್ದ ಮುಖ, ದೊಡ್ಡ ಫ್ರೇಮು ಕೊಡೋಣ’ ಅಂದ. ನಾನು ಇನ್ನೊಂದು ಫೋಟೋ ಕೇಳಿದೆ, ದೂರದಿಂದ ತೆಗೆದದ್ದು, ಹಣೆಗೆ ಎಟಿಎಂ ಕಾರ್ಡು ಅಡ್ಡ ಹಿಡಿದು. ಕಾರ್ಡಿನ ಅಗಲ 85.6 ಮಿ.ಮೀ. ಇರುತ್ತದೆ. ಫೋಟೋದಲ್ಲಿ ಅದು 214 ಪಿಕ್ಸೆಲ್, ಅಂದರೆ ಮಿಲಿಮೀಟರಿಗೆ ಎರಡೂವರೆ. ಕೆನ್ನೆಮೂಳೆಯ ಅಗಲ 340 ಪಿಕ್ಸೆಲ್, ಅಂದರೆ 136 ಮಿ.ಮೀ. ಕೂದಲಂಚಿನಿಂದ ಗದ್ದಕ್ಕೆ 500, ಅಂದರೆ 200 ಮಿ.ಮೀ. ಈಗ 1.47 ಆಯಿತು. ಹಣೆ 122, ದವಡೆ 112. ಕೆನ್ನೆಯೇ ಎಲ್ಲಕ್ಕಿಂತ ಅಗಲ, ಕೆಳಕ್ಕೆ ಮೆಲ್ಲಗೆ ಕಿರಿದಾಗುತ್ತದೆ, ಅಂದರೆ ಓವಲ್. ಕಡ್ಡಿಯ ಒಳಗೆ 52□18 140 ಅಂತಿದ್ದ ಫ್ರೇಮು ಕೊಟ್ಟೆವು. ತಲಾ 52ರ ಎರಡು ಗಾಜು, ಮೂಗಿನ ನಡುವಿನ ಜಾಗ 18, ಎರಡೂ ತುದಿ ಸೇರಿಸಿದರೆ ಅದರ ಅಗಲ ಸುಮಾರು 134 ಬರುತ್ತದೆ, 140 ಅನ್ನೋದು ಕಡ್ಡಿಯ ಉದ್ದ. ಅವಳಿಗೆ ಮೈನಸ್ ಐದು ಪವರ್ ಬೇರೆ. ದೊಡ್ಡ ಫ್ರೇಮಿಗೆ ಹೋಗಿದ್ದರೆ ಗಾಜಿನ ಅಂಚು ದಪ್ಪಗೆ ಹೊರಗೆ ಚಾಚಿಕೊಂಡಿರುತ್ತಿತ್ತು.

ಶಿರಾದಿಂದ:
ನನ್ನ ಕನ್ನಡಕ ಸುಮ್ನೆ ಮೂಗಿನಿಂದ ಜಾರುತ್ತದೆ. ನನ್ನದು ದುಂಡು ಮುಖ. ಚೌಕ ಫ್ರೇಮು ಹಾಕಿದರೆ ಸರಿಹೋಗುತ್ತಾ?

ಕೋಲಾರದಿಂದ:
ಅದು ಮುಖದ ಆಕಾರದ ತೊಂದರೆ ಅಲ್ಲ ಸರ್, ಮೂಗಿನದು. ಬಗ್ಗಿಸಬಹುದಾದ ಪ್ಯಾಡು ಇರುವ ಲೋಹದ ಫ್ರೇಮು ಕೇಳಿ. ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಬಾಗಿದೆಯಾ ಅಂತಲೂ ನೋಡಿಸಿ.

ತುಮಕೂರಿನವರಿಗೆ ಇನ್ನೊಂದು ಮಾತು. ಹಾಳೆಯಲ್ಲಿ ‘ಗಲ್ಲ’ ಅಂತ ಬರೆಯಬೇಡಿ, ‘ಗದ್ದ’ ಅನ್ನಿ. ಗಲ್ಲ ಅಂದರೆ ಕೆಲವರಿಗೆ ಕೆನ್ನೆ, ಕೆಲವರಿಗೆ ಗದ್ದ. ಮನೆಯಲ್ಲೇ ಟೇಪು ಹಿಡಿದು ಅಳೆಯುವವರು ಎಲ್ಲಿಂದಲೋ ಎಲ್ಲಿಗೋ ಅಳೆದು ಕಳಿಸುತ್ತಾರೆ.

ಚಿಕ್ಕಬಳ್ಳಾಪುರದಿಂದ:
ಸರಿ, ಅಗಲದ ವಿಷಯ ಒಪ್ಪಿದೆ. ಆದರೆ ಓವಲ್‌ಗೆ ‘ಮೊಟ್ಟೆ ಮುಖ’ ಅಂತ ಮಾತ್ರ ಹಾಕಬೇಡಿ, ಯಾರೂ ಅಂಗಡಿಗೆ ಬರಲ್ಲ. ಕೋಲು ಮುಖ ಓವಲ್‌ಗೇ ಇರಲಿ, ಇನ್ನೊಂದಕ್ಕೆ ನೇರವಾಗಿ ‘ಉದ್ದ ಮುಖ’ ಅನ್ನಿ.

ತುಮಕೂರಿನಿಂದ:
ಹಾಗೇ ಮಾಡುತ್ತೇನೆ. ಆದರೆ ನಮ್ಮ ಕಡೆಯ ಹಳ್ಳಿಯವರು ಕೋಲು ಮುಖ ಅಂತ ಉದ್ದ ಮುಖವನ್ನೇ ತೋರಿಸುತ್ತಾರೆ, ಹಾಗಾಗಿ ಪಕ್ಕದಲ್ಲಿ ಚಿತ್ರ ಹಾಕಲೇಬೇಕು. ಇನ್ನೂ ಒಂದು ಉಳಿದಿದೆ. ಮುಂದಲೆ ಕೂದಲು ಉದುರಿದವರಿಗೆ ಉದ್ದ ಎಲ್ಲಿಂದ ಹಿಡಿಯೋದು? ಸದ್ಯಕ್ಕೆ ಹುಬ್ಬು ಎತ್ತಿಸಿ, ಹಣೆಯ ಗೆರೆ ಮುಗಿಯುವ ಜಾಗವನ್ನೇ ಕೂದಲಂಚು ಅಂದುಕೊಳ್ಳುತ್ತಿದ್ದೇನೆ. ಕೋಲಾರದ ಸರ್ ಏನಂತೀರಿ?