ಸಹಾಯ ಬೇಕು: ವಿಭಾಗವಾರು ಕಟ್ಆಫ್ ನೋಡಿ ಓದುವ ಸಮಯ ಹಂಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಐಬಿಪಿಎಸ್ ಪಿಒ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ. ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ರೀಸನಿಂಗ್ ಮೂರಕ್ಕೂ 20 ನಿಮಿಷ ಬೇರೆಬೇರೆ. ಒಂದರ ಸಮಯವನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಹಾಗಾಗಿ ನಾನು ಹಂಚಬಹುದಾದದ್ದು ಮನೆಯಲ್ಲಿ ಓದುವ ಹೊತ್ತನ್ನು ಮಾತ್ರ.

ಹಳೆಯ ಕಟ್ಆಫ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೂರೂ ವಿಭಾಗಗಳ ಕಟ್ಆಫ್ ಕೂಡಿದರೂ ಒಟ್ಟು ಕಟ್ಆಫ್ ತಲುಪುವುದಿಲ್ಲ. ಅಂದರೆ ವಿಭಾಗದ ಕಟ್ಆಫ್ ಬರೀ ಹೊಸ್ತಿಲು, ಅಲ್ವಾ? ಉಳಿದ ಅಂಕ ಬಲವಾದ ವಿಷಯದಿಂದಲೇ ಬರಬೇಕು.

ಅಣಕು ಪರೀಕ್ಷೆಗಳಲ್ಲಿ ನನಗೆ ರೀಸನಿಂಗ್ 24, ಇಂಗ್ಲಿಷ್ 19ರ ಆಸುಪಾಸು ಬರುತ್ತದೆ. ಗಣಿತ ಮಾತ್ರ ಹೊಸ್ತಿಲಲ್ಲೇ ನಿಲ್ಲುತ್ತದೆ. 2024ರ ಪರೀಕ್ಷೆಯವರೆಗೆ ಅಲ್ಲಿ ಪ್ರಶ್ನೆಗೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ ಇತ್ತು. ಆ ಲೆಕ್ಕದಲ್ಲಿ 12 ಪ್ರಶ್ನೆ ಮುಟ್ಟಿ 9 ಸರಿಯಾದರೆ 8.25. ಅದೇ 9 ಸರಿ ಇಟ್ಟುಕೊಂಡು ಇನ್ನೂ 6 ಊಹಿಸಿ ತಪ್ಪಿದರೆ 6.75. ಗಡಿಯಲ್ಲಿ ಇರುವವರಿಗೆ ಈ ಒಂದೂವರೆ ಅಂಕ ದೊಡ್ಡದು.

ಗಣಿತದಲ್ಲಿ ಸಿಂಪ್ಲಿಫಿಕೇಶನ್, ಸಂಖ್ಯಾ ಸರಣಿ, ವರ್ಗ ಸಮೀಕರಣ ಮಾತ್ರ ಗಟ್ಟಿ ಮಾಡಿ, ಉಳಿದ ಹೊತ್ತು ರೀಸನಿಂಗ್ ಪಜಲ್‌ಗಳಿಗೆ ಕೊಡೋಣ ಅಂದುಕೊಂಡಿದ್ದೇನೆ. ಆದರೆ ಮೇನ್ಸ್‌ನಲ್ಲಿ ಡೇಟಾ ಇಂಟರ್‌ಪ್ರಿಟೇಶನ್ ಕೈಕೊಟ್ಟರೆ ಅನ್ನುವ ಭಯ ಇದೆ.

ಇನ್ನೊಂದು ಪ್ರಶ್ನೆ. ಪ್ರಕಟವಾಗುವ ಅಂಕ ಪಾಳಿಗಳ ನಡುವೆ ಸರಿದೂಗಿಸಿದ್ದು, ಅಣಕು ಪರೀಕ್ಷೆಯದ್ದು ನೇರ ಅಂಕ. ಹಾಗಾದರೆ ಹಳೆಯ ಕಟ್ಆಫ್‌ಗಿಂತ ಎಷ್ಟು ಜಾಸ್ತಿ ಗುರಿ ಇಟ್ಟುಕೊಳ್ಳಬೇಕು? ಪಾಸಾದವರು ನಿಮ್ಮ ವಿಭಾಗವಾರು ಅಂಕ ಮತ್ತು ಅಣಕು ಪರೀಕ್ಷೆಯ ಅಂಕ ಎರಡನ್ನೂ ದಯವಿಟ್ಟು ತಿಳಿಸಿ.