ಬೋನ್ ಪಾಕೆಟ್ ಮೂಲೆ ಕಿತ್ತು ಬಂದಿದೆ, ಉಳಿಸಬಹುದಾ ಮಾಸ್ಟರ್?

ಹಾಸನದಿಂದ: ಮಾಸ್ಟರ್, ನಮ್ಮ ಯಜಮಾನರ ಪ್ಯಾಂಟಿನ ಹಿಂದೆ ಬೋನ್ ಪಾಕೆಟ್, ಅಂದರೆ ಬಟ್ಟೆಯನ್ನೇ ಸೀಳಿ ಬಾಯಿಗೆ ಪಟ್ಟಿ ಕೊಡುವ ಕಿಸೆ, ಹೊಲಿದೆ. ಎರಡು ಸಲ ಒಗೆಯುವಷ್ಟರಲ್ಲಿ ಒಂದು ಮೂಲೆ ಎಳೆ ಬಿಚ್ಚಿ ತೂತಾಗಿದೆ. ಇನ್ನೊಂದು ಮೂಲೆಯಲ್ಲಿ ಸುಕ್ಕು.

ಮಾಸ್ಟರ್: ಒಳಗಿಂದ ತಿರುವಿ ನೋಡಿ ತಾಯಿ. ಸುಕ್ಕಿರುವ ಕಡೆ ನಿಮ್ಮ ಕತ್ತರಿ ಹೊಲಿಗೆಯ ತುದಿ ಮುಟ್ಟಿಲ್ಲ. ತೂತಾದ ಕಡೆ ತುದಿ ದಾಟಿದೆ. ಬಾಯಿಯ ನಡುವೆ ನೇರ ಕತ್ತರಿಸುತ್ತಾ ಬಂದು, ಕೊನೆಗೆ ಅರ್ಧ ಇಂಚು ಇರುವಾಗ ಎರಡು ಮೂಲೆಗೂ ಓರೆಯಾಗಿ ಹೋಗಬೇಕು. ಹೊಲಿಗೆಗೆ ಒಂದೆರಡು ಎಳೆ ಬಾಕಿ ಇರುವಾಗ ನಿಲ್ಲಿಸಬೇಕು. ಸುಕ್ಕಿನ ಮೂಲೆಗೆ ಇನ್ನೊಂದೆರಡು ಎಳೆ ಕತ್ತರಿಸಿದರೆ ಸಾಕು.

ತೂತಿನ ಮೂಲೆಗೆ ಕೆಲಸ ಜಾಸ್ತಿ. ಓರೆಯಾಗಿ ಕತ್ತರಿಸಿದಾಗ ಅಲ್ಲಿ ಉಳಿದ ತ್ರಿಕೋನದ ಹೊಲಿಗೆ ಬಿಚ್ಚಿ. ಹಿಂದಿನಿಂದ ಪೇಸ್ಟಿಂಗ್, ಅಂದರೆ ಇಸ್ತ್ರಿಯ ಬಿಸಿಗೆ ಅಂಟುವ ಬಟ್ಟೆಯ, ತೆಳ್ಳಗಿನ ತುಂಡು ಇಟ್ಟು ಇಸ್ತ್ರಿ ಒತ್ತಿ, ಎಳೆಯಬೇಡಿ. ಮೇಲಿನ, ಕೆಳಗಿನ ಹೊಲಿಗೆ ಎರಡನ್ನೂ ತೂತಿನಿಂದ 2 ಮಿಲಿಮೀಟರ್ ಆಚೆಗೆ ಬೆಳೆಸಿ. ಎರಡೂ ಒಂದೇ ನೇರಕ್ಕೆ ನಿಲ್ಲಬೇಕು, ಒಂದು ಟಾಕಿ ಹೆಚ್ಚಾದರೂ ಬಾಯಿ ಸೊಟ್ಟ. ಆಮೇಲೆ ತ್ರಿಕೋನವನ್ನು ಬೋನ್ ಪಟ್ಟಿಗೆ ಸೇರಿಸಿ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿಯಿರಿ. ಪಟ್ಟಿಯ ತುದಿಯಲ್ಲಿ ಬಟ್ಟೆ ಉಳಿದಿದ್ದರೆ ಮಾತ್ರ ಇದೆಲ್ಲ ಆಗುತ್ತದೆ. ಎಷ್ಟು ಉಳಿದಿದೆ, ಅಳೆದು ಹೇಳಿ.

ಮೈಸೂರಿನಿಂದ: ಅಷ್ಟೆಲ್ಲ ಯಾಕೆ? ಮೂಲೆಗೆ ಉಗುರು ಬಣ್ಣ ಹಚ್ಚಿದರೆ ಎಳೆ ಬಿಚ್ಚಲ್ಲ ಅಂತ ವಿಡಿಯೋ ಬಂದಿದೆ. ಫಾರ್ವರ್ಡ್ ಮಾಡಲಾ?

ಮಾಸ್ಟರ್: ಬೇಡ. ಎಳೆ ಅಂಟಿಕೊಳ್ಳುತ್ತದೆ, ನಿಜ. ಆದರೆ ಒಣಗಿ ಗಟ್ಟಿಯಾಗಿ, ಮಡಿಸಿದ ಕಡೆ ಬಿರುಕು ಬಿಡುತ್ತದೆ. ತೆಳು ಬಟ್ಟೆಯಲ್ಲಿ ಕಲೆ ಹೊರಗೆ ಕಾಣುತ್ತದೆ. ಪರ್ಸ್ ಎಳೆಯುವ ಭಾರ ಹೊರುವುದು ಹೊಲಿಗೆ, ಬಣ್ಣ ಅಲ್ಲ.

ಹುಬ್ಬಳ್ಳಿಯಿಂದ: ಮಾಸ್ಟರ್, ಅಂಗಿಯ ಪ್ಯಾಚ್ ಕಿಸೆ ಮೇಲಿನ ಮೂಲೆಯಲ್ಲೇ ಹರಿಯುತ್ತದೆ. ನಾನು ಮೂರು ಸಲ ಹೊಲಿದಿದ್ದೇನೆ.

ಮಾಸ್ಟರ್: ಒಂದೇ ಗೆರೆಯ ಮೇಲೆ ಮೂರು ಸಲ ಹೊಲಿದರೆ ಸೂಜಿ ತೂತು ಹೆಚ್ಚಾಗಿ ಬಟ್ಟೆಯೇ ಹರಿಯುತ್ತದೆ. ಅಂಗಿಯ ಒಳಗೆ, ಆ ಮೂಲೆಯ ಹಿಂದೆ, ಒಂದು ಇಂಚಿನ ಬಟ್ಟೆ ತುಂಡು ಇಡಿ. ಮೂಲೆಯಲ್ಲಿ ಸಣ್ಣ ತ್ರಿಕೋನವಾಗಿ ಹೊಲಿದು ಮುಗಿಸಿ.

ಶಿವಮೊಗ್ಗದಿಂದ: ಎರಡು ಪ್ಯಾಚ್ ಪಾಕೆಟ್ ಮೇಲೆ ಕೆಳಗೆ ಆಗುತ್ತವೆ. ಟೇಪಲ್ಲಿ ಅಳೆದೇ ಇಟ್ಟಿದ್ದೆ.

ಮಾಸ್ಟರ್: ಎರಡು ಸಲ ಅಳೆಯಬೇಡಿ. ಎರಡೂ ಮುಂಭಾಗ ಒಂದರ ಮೇಲೊಂದು ಇಟ್ಟು ಪಿನ್ ಚುಚ್ಚಿ ಗುರುತು ಹಾಕಿ.

ಮೈಸೂರಿನಿಂದ: ನಮ್ಮ ಅತ್ತೆ 20 ವರ್ಷದಿಂದ ಉಗುರು ಬಣ್ಣವನ್ನೇ ಹಚ್ಚುತ್ತಿದ್ದಾರೆ.

ಹುಬ್ಬಳ್ಳಿಯಿಂದ: ಅವರು ಬ್ಲೌಸ್ ದಾರದ ತುದಿಗೆ ಹಚ್ಚುತ್ತಿರಬೇಕು ರೀ. ಇದು ಕಿಸೆ.

ಮೈಸೂರಿನಿಂದ: ನಿಮ್ಮನ್ನು ಕೇಳಿದೆನಾ?

ತುಮಕೂರಿನಿಂದ: ಜರಿ ಬಟ್ಟೆಗೆ ಬೋನ್ ಪಾಕೆಟ್ ಹಾಕಬಹುದಾ?

ಮಂಡ್ಯದಿಂದ: ಮೂಲೆ ಬಿಚ್ಚುತ್ತಿದೆ, ಏನು ಮಾಡಲಿ?

ಮಾಸ್ಟರ್: ಮೇಲೆ ಓದಿ.

ಹಾಸನದಿಂದ: ಅಳೆದೆ ಮಾಸ್ಟರ್. ಪಟ್ಟಿಯಲ್ಲಿ ಕಾಲು ಇಂಚು ಮಾತ್ರ ಇದೆ.

ಮಾಸ್ಟರ್: 2 ಮಿಲಿಮೀಟರ್ ಬೆಳೆಸಲು ಸಾಕು. ಕೈಸೂಜಿಯಲ್ಲಿ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಇನ್ನೊಂದು ಜೇಬಿಗೆ ಕತ್ತರಿ ಹಾಕುವ ಮುಂಚೆಯೇ ಪೇಸ್ಟಿಂಗ್ ಅಂಟಿಸಿ, ಬಾಯಿಯ ಎರಡೂ ತುದಿಗೆ ಮುಕ್ಕಾಲು ಇಂಚು ಆಚೆವರೆಗೆ.