ಫೋರ್ ಪ್ರೋಬ್ ಪ್ರಯೋಗದಲ್ಲಿ ಬ್ಯಾಂಡ್ ಗ್ಯಾಪ್ ಮೈನಸ್ ಬರ್ತಾ ಇದೆ, ತಪ್ಪು ಎಲ್ಲಿ?

ಹಾಸನ_ಎಂಎಸ್ಸಿ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಫಿಸಿಕ್ಸ್ ಎಂಎಸ್ಸಿ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ಫೋರ್ ಪ್ರೋಬ್ ಪ್ರಯೋಗ ಮಾಡ್ತಾ ಇದ್ದೀನಿ. ಮೊದಲಿದ್ದ ಜರ್ಮೇನಿಯಂ ಚೂರು ಒಡೆದುಹೋಗಿತ್ತು, ಹಾಗಾಗಿ ಬೀರುವಿನಲ್ಲಿದ್ದ ಇನ್ನೊಂದು ಚೂರು ಹಾಕಿಕೊಟ್ಟರು. ಕರೆಂಟ್ 5 ಮಿಲಿಆಂಪ್‌ಗೆ ಇಟ್ಟು ಓವನ್ ಬಿಸಿ ಮಾಡಿದೆ. 27 ಡಿಗ್ರಿಯಲ್ಲಿ 99 ಮಿಲಿವೋಲ್ಟ್, 67ರಲ್ಲಿ 132, 107ರಲ್ಲಿ 170, 147ರಲ್ಲಿ 215.

ಬಿಸಿ ಆದಷ್ಟೂ ವೋಲ್ಟೇಜ್ ಇಳಿಯಬೇಕು ಅಲ್ವಾ? ಇಲ್ಲಿ ಏರುತ್ತಿದೆ. ರೆಕಾರ್ಡ್‌ನಲ್ಲಿರೋ ಹಾಗೆ ln ρ ಮತ್ತು 1/T ಗ್ರಾಫ್ ಹಾಕಿ ಲೆಕ್ಕ ಮಾಡಿದರೆ ಗ್ಯಾಪ್ −0.14 eV ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಸೋಮವಾರ ತೋರಿಸಬೇಕು. ದಯವಿಟ್ಟು ಯಾರಾದರೂ ಹೇಳಿ.

ಸೋಲ್ಡರ್_ಅಣ್ಣ
ಕಾಂಟ್ಯಾಕ್ಟ್ ಸರಿ ಇಲ್ಲಮ್ಮ. ಬಿಸಿಗೆ ಮೇಲ್ಮೈ ಆಕ್ಸೈಡ್ ಆಗಿ ಪ್ರೋಬ್ ಮೊನೆ ಸರಿಯಾಗಿ ಕೂರ್ತಾ ಇಲ್ಲ, ಅದಕ್ಕೇ ರೆಸಿಸ್ಟೆನ್ಸ್ ಏರುತ್ತಿದೆ. ಸ್ಪ್ರಿಂಗ್ ಒತ್ತಡ ಸ್ವಲ್ಪ ಜಾಸ್ತಿ ಮಾಡಿ ನೋಡಿ.

ಕಾಫಿ_ತೋಟ_ಚಿಕ್ಕಮಗಳೂರು
ನನಗೂ ಇದೇ ತೊಂದರೆ! ಕಾಫಿ ಡ್ರೈಯರ್‌ನ ಸೆನ್ಸರ್ ಹೋಗಿತ್ತು, ಅಂಗಡಿಯಲ್ಲಿ ಸಿಕ್ಕಿದ ಹೊಸದು ಹಾಕಿದೆ. ಈಗ ಬಿಸಿ ಗಾಳಿ ಬಿಟ್ಟರೆ ಡಿಸ್‌ಪ್ಲೇನಲ್ಲಿ ಡಿಗ್ರಿ ಇಳಿಯುತ್ತೆ. ಹಳೆಯದರ ಮೇಲೆ KTY81 ಅಂತ ಇತ್ತು. ಹೊಸದು ಕಪ್ಪು ಮಣಿ ತರಹ ಇದೆ. ಬೋರ್ಡ್ ಹೋಗಿದೆಯಾ?

ನಿವೃತ್ತ_ಮೇಷ್ಟ್ರು
ಮೊದಲು ತಂಗಿಯ ಪ್ರಶ್ನೆ. ನಾಲ್ಕು ಮೊನೆ ಇಟ್ಟಿರೋದೇ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಅಳತೆಗೆ ಬರಬಾರದು ಅಂತ. ಹೊರಗಿನ ಎರಡರಲ್ಲಿ ಕರೆಂಟ್ ಹೋಗುತ್ತೆ, ಒಳಗಿನ ಎರಡರಲ್ಲಿ ಹೆಚ್ಚುಕಡಿಮೆ ಕರೆಂಟೇ ಹರಿಯೋದಿಲ್ಲ. ಹಾಗಾಗಿ ಸೋಲ್ಡರ್ ಅಣ್ಣ ಹೇಳಿದ ಕಾರಣ ಇರಲಾರದು. ಆದರೂ ಅವರ ಅನುಮಾನ ಪರೀಕ್ಷೆ ಮಾಡೋದು ಸುಲಭ. ಕರೆಂಟ್ 2.5ಕ್ಕೆ ಇಳಿಸಿ, ವೋಲ್ಟೇಜ್ ಸರಿಯಾಗಿ ಅರ್ಧ ಆಗಬೇಕು. ಕರೆಂಟ್ ದಿಕ್ಕು ತಿರುಗಿಸಿ, ಅಷ್ಟೇ ಮೈನಸ್ ಬರಬೇಕು. ಎರಡೂ ಸರಿ ಬಂದರೆ ಅಳತೆಯ ಮೇಲೆ ಅನುಮಾನ ಬೇಡ.

ನನ್ನ ಅನುಮಾನ ಚೂರಿನ ಮೇಲೆ. ಅದು ಸಿಲಿಕಾನ್ ಇರಬೇಕು. ದಪ್ಪ ಎಷ್ಟು, ಮೊನೆಗಳ ಅಂತರ ಎಷ್ಟು?

ಹಾಸನ_ಎಂಎಸ್ಸಿ
ಸರ್, ದಪ್ಪ 0.5 ಮಿಲಿಮೀಟರ್, ಅಂತರ 2 ಮಿಲಿಮೀಟರ್. ಅರ್ಧ ಕರೆಂಟ್‌ಗೆ ಅರ್ಧ ವೋಲ್ಟೇಜ್ ಬಂತು. ತಿರುಗಿಸಿದರೂ ಹತ್ತಿರ ಹತ್ತಿರ ಅದೇ. ಲ್ಯಾಬ್ ಅಣ್ಣನನ್ನು ಕೇಳಿದೆ, ಡಬ್ಬಿ ಮೇಲೆ ಸಿಲಿಕಾನ್ ಅಂತಲೇ ಬರೆದಿದೆಯಂತೆ. ಆದರೆ ಸಿಲಿಕಾನ್ ಕೂಡ ಸೆಮಿಕಂಡಕ್ಟರ್ ತಾನೇ ಸರ್? ಅದೂ ಬಿಸಿಗೆ ಇಳಿಯಬೇಕಲ್ಲ?

ನಿವೃತ್ತ_ಮೇಷ್ಟ್ರು
ಎಲ್ಲರೂ ಎಡವೋದು ಇಲ್ಲೇ. ನಿಮ್ಮ ಅಂಕಿಯನ್ನೇ ಹಿಡಿದು ಹೋಗೋಣ.

ಚೂರು ತೆಳ್ಳಗಿದೆ. ಹಾಗಾಗಿ ρ = 4.53 × ದಪ್ಪ × V/I. V/I ಸುಮಾರು 19.8 ಓಮ್, ದಪ್ಪ 0.05 ಸೆಂ.ಮೀ. ಬರೋದು ಸುಮಾರು 4.5 ಓಮ್-ಸೆಂಟಿಮೀಟರ್. ಚೂರು ಎನ್ ಟೈಪ್ ಆಗಿದ್ದರೆ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 10^15 ರಂಜಕದ ಪರಮಾಣು ಬೆರೆಸಿದ್ದಾರೆ ಅಂತ ಅರ್ಥ. ಸಿಲಿಕಾನ್ ಪರಮಾಣು ಅಲ್ಲಿ 5 × 10^22 ಇರುತ್ತೆ. ಅಂದರೆ ಐದು ಕೋಟಿ ಸಿಲಿಕಾನ್ ನಡುವೆ ಒಂದೇ ಒಂದು ರಂಜಕ.

ಇಷ್ಟು ಕಡಿಮೆ ಅನಿಸುತ್ತೆ, ಆದರೆ ಈ ಚೂರನ್ನು ಆಳೋದು ಅದೇ. ಶುದ್ಧ ಸಿಲಿಕಾನ್‌ನಲ್ಲಿ ಬರೀ ಶಾಖದಿಂದ ಬಿಡುಗಡೆ ಆಗೋ ಎಲೆಕ್ಟ್ರಾನ್ ಕೋಣೆಯ ಉಷ್ಣಾಂಶದಲ್ಲಿ ಸುಮಾರು 10^10 ಮಾತ್ರ. ರಂಜಕ ಕೊಟ್ಟಿರೋದು ಅದರ ಒಂದು ಲಕ್ಷದಷ್ಟು. ಅದೂ 27 ಡಿಗ್ರಿಗೇ ಪೂರ್ತಿ ಕೊಟ್ಟು ಮುಗಿಸಿದೆ. ಇನ್ನು ಬಿಸಿ ಮಾಡಿದರೆ ಹೊಸದಾಗಿ ಕೊಡೋಕೆ ಅದರ ಹತ್ತಿರ ಏನೂ ಇಲ್ಲ. 147 ಡಿಗ್ರಿಗೆ ಹೋದರೂ ಆ 10^10 ಅನ್ನೋದು 10^13ರ ಸುತ್ತ ಬರುತ್ತೆ, 10^15ರ ಮುಂದೆ ಅದು ನೂರರಲ್ಲಿ ಒಂದು ಪಾಲು.

ಹಾಗಾಗಿ ನಿಮ್ಮ ಓವನ್‌ನೊಳಗೆ ಎಲೆಕ್ಟ್ರಾನ್ ಸಂಖ್ಯೆ ಬದಲಾಗ್ತಾನೇ ಇಲ್ಲ. ಬದಲಾಗೋದು ಅವುಗಳ ಓಡಾಟ. ಬಿಸಿ ಏರಿದಷ್ಟೂ ಪರಮಾಣುಗಳು ಜೋರಾಗಿ ಅಲುಗಾಡುತ್ತವೆ, ಎಲೆಕ್ಟ್ರಾನ್ ಹೆಚ್ಚು ಡಿಕ್ಕಿ ಹೊಡೆಯುತ್ತೆ, ಮೊಬಿಲಿಟಿ ಇಳಿಯುತ್ತೆ. ಅದಕ್ಕೇ ರೆಸಿಸ್ಟೆನ್ಸ್ ಏರಿದ್ದು. ನಿಮ್ಮ −0.14ಕ್ಕೆ ಗ್ಯಾಪ್ ಅಂತ ಅರ್ಥವೇ ಇಲ್ಲ. ಆ ಸೂತ್ರ ಶಾಖದಿಂದ ಹುಟ್ಟಿದ ಎಲೆಕ್ಟ್ರಾನ್‌ಗಳೇ ಜಾಸ್ತಿ ಇರುವ ಕಡೆ ಮಾತ್ರ ನಡೆಯುತ್ತೆ. ಜರ್ಮೇನಿಯಂ ಗ್ಯಾಪ್ ಚಿಕ್ಕದು, 0.67ರ ಹತ್ತಿರ. ಅದು ಈ ಓವನ್‌ನಲ್ಲೇ ಆ ಸ್ಥಿತಿಗೆ ಬರುತ್ತೆ. ಸಿಲಿಕಾನ್‌ಗೆ 1.12. ನಿಮ್ಮ ಚೂರು ಅಲ್ಲಿಗೆ ಬರಬೇಕಾದರೆ ಸುಮಾರು 270 ಡಿಗ್ರಿ ದಾಟಬೇಕು. ದಯವಿಟ್ಟು ಆ ಓವನ್‌ನಲ್ಲಿ ಪ್ರಯತ್ನ ಮಾಡಬೇಡಿ, ಪ್ರೋಬ್ ಹಿಡಿಯೇ ಕರಗುತ್ತೆ.

ಈಗ ಒಂದು ಕೆಲಸ ಮಾಡಿ. 1/T ಬಿಡಿ. ಡಿಗ್ರಿಗಳನ್ನು ಕೆಲ್ವಿನ್‌ಗೆ ಬದಲಿಸಿ, log V ಮತ್ತು log T ಗ್ರಾಫ್ ಹಾಕಿ ಇಳಿಜಾರು ಹೇಳಿ.

ಕಾಫಿ ತೋಟದವರೇ, ನಿಮ್ಮ ಬೋರ್ಡ್ ಬಹುಶಃ ಚೆನ್ನಾಗಿದೆ. KTY81 ಈ ತಂಗಿಯ ಚೂರಿನ ತರಹವೇ, ಡೋಪ್ ಮಾಡಿದ ಸಿಲಿಕಾನ್. ಅದರ 110 ಮಾದರಿ 25 ಡಿಗ್ರಿಯಲ್ಲಿ 1000 ಓಮ್, 100ರಲ್ಲಿ ಸುಮಾರು 1700. ಕಪ್ಪು ಮಣಿ ಅಂದರೆ ಥರ್ಮಿಸ್ಟರ್ ಇರಬೇಕು, ಲೋಹದ ಆಕ್ಸೈಡಿನದು, ಬಿಸಿಗೆ ಓಮ್ ಇಳಿಯುತ್ತೆ. ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಬಿಸಿ ನೀರಿನ ಲೋಟಕ್ಕೆ ತಾಗಿಸಿ ನೋಡಿ. ಇಳಿದರೆ ಅದನ್ನು ತೆಗೆದು ಹಳೇ ನಂಬರಿನದೇ ಹಾಕಿ.

ಕಾಫಿ_ತೋಟ_ಚಿಕ್ಕಮಗಳೂರು
ಇಳಿಯಿತು ಸರ್. ಒಂದು ನಿಮಿಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಹಳೇದೇ ತರಿಸ್ತೀನಿ.

ಸೋಲ್ಡರ್_ಅಣ್ಣ
ಕಾಂಟ್ಯಾಕ್ಟ್ ವಿಷಯ ಒಪ್ಪಿದೆ ಮೇಷ್ಟ್ರೇ. ಆದರೆ ಚೂರು ಎನ್ ಅಂತ ಹೇಗೆ ಗೊತ್ತು? ಪಿ ಇದ್ದರೆ ಲೆಕ್ಕ ಬದಲಾಗುತ್ತಲ್ಲ. ಮತ್ತೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡೋರ ಹತ್ತಿರ ದ್ರವ ಸಾರಜನಕದ ಕ್ಯಾನ್ ಇರುತ್ತೆ. ಅದರಲ್ಲಿ ಅದ್ದಿದರೆ ಎಲೆಕ್ಟ್ರಾನ್ ಎಲ್ಲ ಹೆಪ್ಪುಗಟ್ಟಿ ರೆಸಿಸ್ಟೆನ್ಸ್ ಆಕಾಶಕ್ಕೆ ಹೋಗಬೇಕು, ಅಲ್ವಾ?

ನಿವೃತ್ತ_ಮೇಷ್ಟ್ರು
ಮೊದಲನೆಯದು ಒಳ್ಳೆಯ ಪ್ರಶ್ನೆ. ಪಿ ಆಗಿದ್ದರೆ ಅದೇ 4.5ಕ್ಕೆ ಸುಮಾರು 3 × 10^15 ಬೋರಾನ್ ಬೇಕು, ಯಾಕಂದ್ರೆ ಹೋಲ್‌ಗಳ ಓಡಾಟ ನಿಧಾನ. ತಂಗಿ, ಮೀಟರ್ ಮಿಲಿವೋಲ್ಟ್‌ನಲ್ಲಿಡಿ. ಕೆಂಪು ಪ್ರೋಬ್ ಮೊನೆಯನ್ನು ಸೋಲ್ಡರಿಂಗ್ ಐರನ್‌ಗೆ ತಾಗಿಸಿ ಬಿಸಿ ಮಾಡಿ, ಐರನ್ ಪಕ್ಕಕ್ಕಿಟ್ಟು ಚೂರಿಗೆ ಒತ್ತಿ, ಕಪ್ಪು ಪ್ರೋಬ್ ತಣ್ಣಗಿರಲಿ. ಪ್ಲಸ್ ಬಂದರೆ ಎನ್. ಎಲೆಕ್ಟ್ರಾನ್ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಹರಿದುಹೋಗುತ್ತೆ, ಬಿಸಿ ಕಡೆ ಪ್ಲಸ್ ಉಳಿಯುತ್ತೆ.

ಸಾರಜನಕದ ಮಾತು ಅರ್ಧ ಸರಿ. 77 ಕೆಲ್ವಿನ್‌ನಲ್ಲಿ ಕೆಲವು ಎಲೆಕ್ಟ್ರಾನ್ ರಂಜಕಕ್ಕೆ ವಾಪಸ್ ಅಂಟಿಕೊಳ್ಳುತ್ತವೆ, ನಿಜ. ಆದರೆ ಅಲುಗಾಟ ಕಡಿಮೆಯಾಗಿ ಉಳಿದವು ಎಷ್ಟು ಸಲೀಸಾಗಿ ಓಡುತ್ತವೆ ಅಂದರೆ ರೆಸಿಸ್ಟೆನ್ಸ್ ಕೋಣೆಗಿಂತ ತುಂಬ ಕಡಿಮೆ ಬರುತ್ತೆ. ನೀವು ಹೇಳಿದ ಏರಿಕೆ ಅದಕ್ಕಿಂತಲೂ ಕೆಳಗೆ ಹೋದಾಗ. ಚೂರನ್ನು ಸುಮ್ನೆ ಅದ್ದಿದರೆ ಬಿರುಕು ಬಿಡುತ್ತೆ, ಅದೂ ನೆನಪಿರಲಿ.

ಹಾಸನ_ಎಂಎಸ್ಸಿ
ಸರ್, ಪ್ಲಸ್ ಬಂತು! 300ರಿಂದ 420 ಕೆಲ್ವಿನ್‌ವರೆಗೆ ಇಳಿಜಾರು 2.3. ನಾಲ್ಕೂ ಚುಕ್ಕಿ ಒಂದೇ ಗೆರೆ ಮೇಲೆ ಕೂತಿವೆ. ಆದರೆ ಪುಸ್ತಕದಲ್ಲಿ ಮೊಬಿಲಿಟಿ T^(−3/2) ಅಂತಿದೆ. 1.5 ಬರಬೇಕಿತ್ತಲ್ವಾ?

ನಿವೃತ್ತ_ಮೇಷ್ಟ್ರು
1.5 ಸರಳ ಲೆಕ್ಕದ್ದು. ಒಂದೇ ಬಗೆಯ ಅಲುಗಾಟ ಅಂದುಕೊಂಡಾಗ ಬರೋದು. ಸಿಲಿಕಾನ್‌ನಲ್ಲಿ ಬೇರೆ ಬಗೆಯವೂ ಸೇರುತ್ತವೆ, ಶುದ್ಧ ಚೂರಿನಲ್ಲಿ ಅಳೆದವರಿಗೆ ಎಲೆಕ್ಟ್ರಾನ್‌ಗೆ 2.4ರ ಹತ್ತಿರ ಸಿಕ್ಕಿದೆ. ನಿಮ್ಮದು ಒಳ್ಳೆಯ ಅಳತೆ. ಗ್ಯಾಪ್ ಕೇಳಿದರೆ BC547 ಒಂದರ ಬೇಸ್ ಮತ್ತು ಕಲೆಕ್ಟರ್ ಸೇರಿಸಿ, ಕರೆಂಟ್ ಬದಲಾಗದ ಹಾಗೆ ಇಟ್ಟು ಬಿಸಿ ಮಾಡಿ. ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಗೆರೆಯನ್ನು 0 ಕೆಲ್ವಿನ್‌ವರೆಗೆ ಎಳೆದರೆ 1.2ರ ಹತ್ತಿರ ಮುಟ್ಟುತ್ತೆ.

ಸೋಲ್ಡರ್_ಅಣ್ಣ
2.3 ಮತ್ತು 2.4 ನಡುವಿನ ವ್ಯತ್ಯಾಸ ರಂಜಕದಿಂದಲಾ, ಥರ್ಮೋಕಪಲ್ ಚೂರಿಗೆ ತಾಗದೆ ಓವನ್ ಗಾಳಿ ಅಳೆಯುತ್ತಿರೋದರಿಂದಲಾ? ಮೊನೆ ಎಲ್ಲಿ ಕೂತಿದೆ ತಂಗಿ?

ಹಾಸನ_ಎಂಎಸ್ಸಿ
ಗೋಡೆ ಹತ್ತಿರ ಇದೆ ಅಣ್ಣ, ಚೂರಿನಿಂದ ಒಂದು ಬೆರಳು ದೂರ. ನಾಳೆ ಹತ್ತಿರ ಸರಿಸಿ, ಬಿಸಿ ಮಾಡುವಾಗಲೂ ತಣ್ಣಗಾಗುವಾಗಲೂ ರೀಡಿಂಗ್ ತಗೊಂಡು ಹಾಕ್ತೀನಿ.